ಕತ್ತರಿ ಮೇಡಂ ಬಿಟ್ಟುಕೊಟ್ಟ ಎಂಟು ಗಂಟೆ

ಕತ್ತರಿ ಮೇಡಂ ಕಂಡರೆ ನನಗಾಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಅವರು ಗಣಿತ ವಿಭಾಗ, ನಾನು ಎದುರು ಕಟ್ಟಡದ ರಸಾಯನಶಾಸ್ತ್ರ. ಇಪ್ಪತ್ತು ವರ್ಷ ಒಂದೇ ಆವರಣದಲ್ಲಿ ಓಡಾಡಿದರೂ ನಾವು ಎದುರುಬದುರಾದಾಗ ಆಡುತ್ತಿದ್ದದ್ದು 'ನಮಸ್ಕಾರ' ಎಂಬ ಒಂದೇ ಮಾತು. ಅದನ್ನೂ ಇಬ್ಬರೂ ಹಲ್ಲು ಕಚ್ಚಿಕೊಂಡೇ ಆಡುತ್ತಿದ್ದೆವು.

ಅವರಿಗೆ ಆ ಹೆಸರು ಬಂದದ್ದು ಅವರ ಪೆನ್ನಿನ ಡಬ್ಬಿಯಲ್ಲಿದ್ದ ಪುಟ್ಟ ಸ್ಟೀಲ್ ಕತ್ತರಿಯಿಂದ. ನೇಮಕಾತಿಯ ಅರ್ಜಿಗಳು ದಾರ ಕಟ್ಟಿ, ಅರಗಿನ ಮುದ್ರೆ ಒತ್ತಿದ ಕಟ್ಟುಗಳಲ್ಲಿ ಬರುತ್ತವೆ. ಬೇರೆಯವರು ದಾರ ಎಳೆದು, ಬಿಚ್ಚಲಾಗದೆ ಬೀಗದಕೈಯಿಂದ ಹರಿದು ಒದ್ದಾಡುವಾಗ ಇವರು ಡಬ್ಬಿ ತೆರೆದು ಕಚಕ್ಕೆಂದು ಕತ್ತರಿಸುತ್ತಿದ್ದರು. ಆಮೇಲೆ ಅಷ್ಟೇ ನಿರ್ದಾಕ್ಷಿಣ್ಯವಾಗಿ ಒಳಗಿನ ಅರ್ಜಿದಾರರನ್ನೂ ಕತ್ತರಿಸುತ್ತಿದ್ದರು. ನಮ್ಮ ವಿಭಾಗದ ಹುದ್ದೆಯೊಂದಕ್ಕೆ ನನ್ನ ಹೆಂಡತಿಯ ತಮ್ಮ ಅರ್ಜಿ ಹಾಕಿದ್ದ. ಪರಿಶೀಲನೆಗೆ ಹೊರವಿಭಾಗದ ಸದಸ್ಯೆಯಾಗಿ ಬಂದಿದ್ದವರು ಇವರೇ. ಪಿಎಚ್.ಡಿ. ಮಾಡುವಾಗ ಸಿಗುತ್ತಿದ್ದ ಶಿಷ್ಯವೇತನವನ್ನು ಅವನು 'ಸಂಶೋಧನಾ ಅನುದಾನ' ಎಂಬ ತಲೆಬರಹದ ಕೆಳಗೆ ಬರೆದುಕೊಂಡಿದ್ದ. ಇವರು ಅದರ ಮೇಲೆ ಕೆಂಪು ಗೆರೆ ಎಳೆದು 'ಇದು ಅನುದಾನವಲ್ಲ' ಎಂದು ಬರೆದರು. ಭಾವಮೈದುನ ಅಲ್ಲಿಗೇ ಹೊರಬಿದ್ದ. 'ಆ ಹೆಂಗಸಿನ ಕೈ ಸೇದಿಹೋಗ!' ಎಂದು ನನ್ನಾಕೆ ವಾರಗಟ್ಟಲೆ ಶಪಿಸಿದಳು. ಬರೆದದ್ದು ಸರಿಯೇ ಇತ್ತು ಎಂದು ಹೇಳುವ ಧೈರ್ಯ ನನಗೆ ಮನೆಯಲ್ಲಿ ಬರಲಿಲ್ಲ.

ಅಂಥವರ ಪಕ್ಕದ ಕುರ್ಚಿಯಲ್ಲೇ ಕೂರುವ ಭಾಗ್ಯ ನನಗೂ ಬಂತು. ಗಣಿತ ವಿಭಾಗದಲ್ಲಿ ಒಂದು ಖಾಯಂ ಹುದ್ದೆ ಖಾಲಿ ಇತ್ತು. ಅರ್ಜಿಗಳನ್ನು ಸೋಸಿ ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ನಾವು ಮೂವರು. ಗಣಿತ ವಿಭಾಗದ ಮುಖ್ಯಸ್ಥರು, ಕತ್ತರಿ ಮೇಡಂ ಮತ್ತು ಹೊರವಿಭಾಗದವನಾಗಿ ನಾನು. ಕಾಗದ ಒದಗಿಸಲು ನೇಮಕಾತಿ ಶಾಖೆಯ ಗುಮಾಸ್ತರು.

ಮುಖ್ಯಸ್ಥರ ಬಗ್ಗೆ ಒಂದು ಮಾತು. ಸದಾ ನಗುಮುಖ. ಬೈದರೂ ನಗುತ್ತಾರೆ, ಹೊಗಳಿದರೂ ನಗುತ್ತಾರೆ. ಯಾರ ಕತ್ತು ಕೊಯ್ಯುವಾಗಲೂ 'ನಿಮ್ಮ ಒಳ್ಳೇದಕ್ಕೇ' ಎನ್ನುತ್ತಾರೆ. ಅರ್ಜಿ ಹಾಕಿದವರಲ್ಲಿ ಒಬ್ಬ ಅವರ ಶಿಷ್ಯ, ಅವರ ಕೈಕೆಳಗೇ ಪಿಎಚ್.ಡಿ. ಮಾಡಿದವನು. ಗುಮಾಸ್ತರು ಸಹಿಗೆಂದು ಮುಂದಿಟ್ಟ ಘೋಷಣೆಯಲ್ಲಿ 'ಅರ್ಜಿದಾರರಲ್ಲಿ ನನ್ನ ಸಂಬಂಧಿಕರು ಯಾರೂ ಇಲ್ಲ' ಎಂದಷ್ಟೇ ಇತ್ತು. ಶಿಷ್ಯ ಸಂಬಂಧಿಕನಲ್ಲವಲ್ಲ! ಮುಖ್ಯಸ್ಥರು ನಗುತ್ತಲೇ ಸಹಿ ಹಾಕಿದರು.

ಇನ್ನೊಂದು ಅರ್ಜಿ ಸಂಜೆ ಮೇಡಂ ಅವರದು. ಐದು ವರ್ಷದಿಂದ ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಆದರೆ ಕತ್ತೆ ಚಾಕರಿ. ಎರಡನೆಯ ವರ್ಷದ ಕೊನೆಗೆ ಆಕೆ ಒಂದು ದೂರು ಬರೆದಿದ್ದರು. ವಾರಕ್ಕೆ ಹದಿನಾರು ಗಂಟೆ ತಾನು ಪಾಠ ಮಾಡುತ್ತಿದ್ದರೂ ವೇಳಾಪಟ್ಟಿಯಲ್ಲಿ ತನ್ನ ಹೆಸರಿಗೆ ಇರುವುದು ಎಂಟೇ ಗಂಟೆ, ಉಳಿದ ಎಂಟು ಕತ್ತರಿ ಮೇಡಂ ಹೆಸರಿನಲ್ಲಿವೆ, ಅದನ್ನು ಸರಿಪಡಿಸಿ ಎಂಬ ದೂರು. ಕತ್ತರಿ ಮೇಡಂ ಅವರಿಂದ ಸಮಜಾಯಿಷಿ ಕೇಳಿದಾಗ ಅವರು ಒಂದೇ ಸಾಲು ಬರೆದುಕೊಟ್ಟಿದ್ದರು. 'ನನ್ನ ತರಗತಿಗಳನ್ನು ನಾನೇ ತೆಗೆದುಕೊಂಡಿದ್ದೇನೆ.' ದೂರು ಅಲ್ಲೇ ಸತ್ತಿತು. ದೂರು ಕೊಟ್ಟವಳು ಸುಳ್ಳುಗಾತಿ ಎನಿಸಿಕೊಂಡಳು. ಮುಂದಿನ ವರ್ಷದಿಂದ ಯಾರಿಗೂ ಬೇಡವಾದ ಸಂಜೆಯ ತಂಡವನ್ನು ಆಕೆಯ ತಲೆಗೆ ಕಟ್ಟಿದರು. 'ಸಂಜೆ ಮೇಡಂ' ಎಂಬ ಹೆಸರು ಬಂದದ್ದು ಆಗಲೇ. ಈಗ ಆಕೆಯ ವಯಸ್ಸು ಅಧಿಸೂಚನೆಯ ವಯೋಮಿತಿಯ ಅಂಚಿನಲ್ಲಿತ್ತು. ಈ ಸಲ ಕರೆ ಬರದಿದ್ದರೆ ಮತ್ತೆ ಅರ್ಜಿಯೇ ಹಾಕುವಂತಿಲ್ಲ. ಖಾಯಂ ಹುದ್ದೆ ತುಂಬಿದರೆ ಅತಿಥಿಯ ಜಾಗವೂ ಇರುವುದಿಲ್ಲ. ಅಲ್ಲಿಗೆ ಆಕೆಯ ಮೇಷ್ಟರಗಿರಿ ಮುಗಿದಂತೆ.

ಅಂದರೆ ಆಕೆಯ ಬಯೋಡೇಟಾ ತೂಗುವ ಕೈ ಯಾವುದು ನೋಡಿ. ಒಂದು ಮಗ್ಗುಲಲ್ಲಿ ತನ್ನ ಶಿಷ್ಯನನ್ನು ತೂರಿಸಬೇಕೆಂದು ಕೂತ ಮುಖ್ಯಸ್ಥ. ಇನ್ನೊಂದು ಮಗ್ಗುಲಲ್ಲಿ ಆಕೆಯನ್ನು ಸುಳ್ಳುಗಾತಿ ಮಾಡಿದ ಕತ್ತರಿ. ನಾನೋ, ಇಬ್ಬರನ್ನೂ ಕಂಡರಾಗದೆ ನಡುವೆ ಸಿಕ್ಕಿಕೊಂಡವನು.

ಸಭೆ ನಡೆದದ್ದು ಆಡಳಿತ ಕಟ್ಟಡದ ಎರಡನೇ ಮಹಡಿಯಲ್ಲಿ. ಉದ್ದನೆಯ ಮೇಜು, ತಿರುಗಿದಷ್ಟೂ ಕಿರಗುಟ್ಟುವ ಫ್ಯಾನು, ಹಿಡಿ ಮುರಿದ ಕಿಟಕಿ. ಅಧಿಸೂಚನೆ ಕೇಳಿದ್ದು ಮೂರು. ಮಾನ್ಯತೆ ಪಡೆದ ನಿಯತಕಾಲಿಕಗಳಲ್ಲಿ ಆರು ಪ್ರಕಟಣೆ, ಅವುಗಳಲ್ಲಿ ಮೂರರಲ್ಲಾದರೂ ಪ್ರಮುಖ ಲೇಖಕರಾಗಿರಬೇಕು. ಹೊರಗಿನ ಸಂಸ್ಥೆಯ ಹಣದಲ್ಲಿ ನಡೆದ ಒಂದು ಸಂಶೋಧನಾ ಯೋಜನೆ, ಅದರಲ್ಲಿ ಪ್ರಧಾನ ಅಥವಾ ಸಹ ಸಂಶೋಧಕರಾಗಿರಬೇಕು. ಸ್ನಾತಕೋತ್ತರ ತರಗತಿಗಳಿಗೆ ಐದು ವರ್ಷ ಪೂರ್ಣ ಕಾರ್ಯಭಾರದ ಬೋಧನೆ, ಎಂದರೆ ವಾರಕ್ಕೆ ಹದಿನಾರು ಗಂಟೆ. ಮೂರರಲ್ಲಿ ಒಂದು ತಪ್ಪಿದರೂ ಸಂದರ್ಶನಕ್ಕೆ ಕರೆಯಿಲ್ಲ.

ಸಂಜೆ ಮೇಡಂ ಪ್ರಕಟಣೆಗಳ ಪಟ್ಟಿಯಲ್ಲಿ ಎಂಟು ಲೇಖನಗಳಿದ್ದವು. ಕತ್ತರಿ ಮೇಡಂ ಕೆಂಪು ಪೆನ್ನು ತೆಗೆದರು.

'ಇದು "ಸ್ವೀಕೃತ" ಅಂತ ಬರ್ದಿದಾರೆ. ಸ್ವೀಕಾರದ ಪತ್ರ ಎಲ್ಲಿ?'

ಗುಮಾಸ್ತರು ಲಗತ್ತುಗಳನ್ನೆಲ್ಲ ತಿರುವಿ ಹಾಕಿದರು. 'ಇಲ್ಲ ಮೇಡಂ.'

'ಪತ್ರ ಇಲ್ಲ ಅಂದ್ರೆ ಲೇಖನಾನೂ ಇಲ್ಲ.' ಗೆರೆ ಬಿತ್ತು. 'ಇದೂ ಅದೂ ಒಂದೇ. ಸಮ್ಮೇಳನದ ಸಂಪುಟದಲ್ಲಿ ಬಂದಿದ್ದನ್ನೇ ಆಮೇಲೆ ನಿಯತಕಾಲಿಕದಲ್ಲಿ ಹಾಕಿದಾರೆ. ಪ್ರಮೇಯ ಒಂದೇ, ಉದಾಹರಣೆ ಮಾತ್ರ ಜಾಸ್ತಿ. ಎರಡು ಸಲ ಎಣಿಸೋಕಾಗಲ್ಲ.' ಇನ್ನೊಂದು ಗೆರೆ.

ಎಂಟು ಹೋಗಿ ಆರಾಯಿತು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಮುಖ್ಯಸ್ಥರ ನಗು ಅಗಲವಾಯಿತು. ನನಗೆ ಪಿತ್ತ ನೆತ್ತಿಗೇರಿತು. ಹಳೆಯ ಹಗೆಯನ್ನು ಈಕೆ ಕಾಗದದ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ ಎಂದೇ ಅಂದುಕೊಂಡೆ.

'ಈಗ ಪ್ರಮುಖ ಲೇಖಕರ ಲೆಕ್ಕ ನೋಡೋಣ,' ಎಂದರು ಮುಖ್ಯಸ್ಥರು. 'ಒಬ್ಬರೇ ಬರೆದಿರೋದು ಎರಡು. ಉಳಿದದ್ದೆಲ್ಲ ಜಂಟಿ. ಯಾವುದ್ರಲ್ಲೂ ಮೊದಲ ಹೆಸರು ಇವರದ್ದಲ್ಲ. ಪಾಪ, ಒಂದು ಕಡಿಮೆ ಆಗ್ಬಿಡ್ತು.'

'ಈ ಲೇಖನ ನೋಡಿ,' ಎಂದು ಕತ್ತರಿ ಮೇಡಂ ಒಂದು ಪುಟವನ್ನು ತಿರುಗಿಸಿ ಅವರ ಮುಂದಿಟ್ಟರು. 'ಇದ್ರಲ್ಲಿ ಮೊದಲ ಹೆಸರು ಯಾರದ್ದು?'

ಅದು ಮುಖ್ಯಸ್ಥರ ಶಿಷ್ಯನದು. ಅವನೂ ಸಂಜೆ ಮೇಡಮ್ಮೂ ಸೇರಿ ಬರೆದ ಲೇಖನ ಅದು. ಅವನ ಅರ್ಜಿಯಲ್ಲೂ ಅದೇ ಲೇಖನ 'ಪ್ರಮುಖ ಲೇಖಕ' ಎಂಬ ಹಣೆಪಟ್ಟಿ ಹೊತ್ತು ಕೂತಿತ್ತು.

'ನಾನು ರಸಾಯನದವನು. ನಮ್ಮಲ್ಲಿ ಹೆಚ್ಚು ಕೆಲಸ ಮಾಡಿದೋರ ಹೆಸರು ಮೊದಲು ಬರುತ್ತೆ,' ಎಂದೆ.

'ನಮ್ಮಲ್ಲಿ ಹಾಗಿಲ್ಲ. ಗಣಿತದಲ್ಲಿ ಹೆಸರು ಹಾಕೋದು ಅಕ್ಷರದ ಕ್ರಮದಲ್ಲಿ. ಆ ಹುಡುಗನ ಹೆಸರು ಮೊದಲಿಗೆ ಬರುತ್ತೆ, ಈಕೆದು ಕೊನೆಗೆ. ಅದು ಅವರಪ್ಪ ಅಮ್ಮ ಇಟ್ಟಿದ್ದು, ಸಂಶೋಧನೆ ಮಾಡಿ ಸಂಪಾದಿಸಿದ್ದಲ್ಲ. ಇದು ಮುಖ್ಯಸ್ಥರಿಗೂ ಗೊತ್ತು.' ಮೇಡಂ ಅವರನ್ನೇ ನೆಟ್ಟ ನೋಟದಿಂದ ನೋಡಿದರು. 'ಕೊಟ್ರೆ ಇಬ್ಬರಿಗೂ ಕೊಡಿ. ತೆಗೆದ್ರೆ ಇಬ್ಬರಿಗೂ ತೆಗೀರಿ. ಅವನಿಗೂ ಇದನ್ನ ಬಿಟ್ರೆ ಎರಡೇ ಇರೋದು.'

ಮುಖ್ಯಸ್ಥರು ಶಿಷ್ಯನ ಅರ್ಜಿಯನ್ನು ಮತ್ತೊಮ್ಮೆ ತಿರುವಿದರು. ತೆಗೆದರೆ ಶಿಷ್ಯನೂ ಬೀಳುತ್ತಾನೆ. 'ಇಬ್ಬರಿಗೂ ಕೊಡೋಣ ಬಿಡಿ. ನಮಗ್ಯಾಕೆ ಪಾಪ,' ಎಂದರು.

ನಾನು ತಬ್ಬಿಬ್ಬಾದೆ. ಈಕೆ ಹಗೆ ತೀರಿಸಿಕೊಳ್ಳುವವಳಾಗಿದ್ದರೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಸಾಕಿತ್ತು.

ಅನುದಾನದ ಕಲಮಿನಲ್ಲೂ ಹೀಗೇ ಆಯಿತು. ಹೊರದೇಶದ ಸಮ್ಮೇಳನಕ್ಕೆ ಹೋಗಿಬರಲು ಸಿಕ್ಕ ಪ್ರಯಾಣ ವೆಚ್ಚವನ್ನು ಸಂಜೆ ಮೇಡಂ ಅನುದಾನವೆಂದು ಬರೆದಿದ್ದರು. ಕತ್ತರಿ ಅದನ್ನು ಹೊಡೆದುಹಾಕಿತು. ಇನ್ನೊಂದು ಯೋಜನೆಯ ಮುಂದೆ 'ಪ್ರಧಾನ ಸಂಶೋಧಕಿ' ಎಂದಿತ್ತು. ಮಂಜೂರಾತಿ ಪತ್ರದಲ್ಲಿ ಮುಖ್ಯಸ್ಥರು ಪ್ರಧಾನ, ಆಕೆ ಸಹ.

'ಯೋಜನೆ ಬರೆದಿದ್ದು ಆಕೇನೇ ಇರ್ಬಹುದು,' ಎಂದರು ಮೇಡಂ ಯಾರ ಮುಖವನ್ನೂ ನೋಡದೆ. 'ಅತಿಥಿಗಳ ಹೆಸರಲ್ಲಿ ಪ್ರಧಾನ ಕೊಡಲ್ಲ ಅನ್ನೋ ನಿಯಮ ಇದೆ, ಅದಕ್ಕೇ ಬೇರೆಯವರ ಹೆಸರು ಮೇಲೆ ಕೂತಿದೆ. ಆದ್ರೂ ಕಾಗದದಲ್ಲಿ "ಸಹ" ಅಂತಿದೆ. ನಾನು "ಸಹ" ಅಂತಲೇ ಬರೀತೀನಿ.' 'ಪ್ರಧಾನ'ವನ್ನು ಹೊಡೆದು 'ಸಹ' ಎಂದು ತಿದ್ದಿದರು. 'ಸಹ' ಇದ್ದರೂ ನಡೆಯುತ್ತಿತ್ತು. ಎರಡನೆಯ ಕಲಮೂ ದಾಟಿತು.

ಉಳಿದದ್ದು ಬೋಧನೆ. ಗುಮಾಸ್ತರು ಕಾರ್ಯಭಾರದ ಪ್ರಮಾಣಪತ್ರವನ್ನು ಓದಿದರು. ಕಳೆದ ಮೂರು ವರ್ಷ ವಾರಕ್ಕೆ ಹದಿನಾರು ಗಂಟೆ. ಅದಕ್ಕೂ ಹಿಂದಿನ ಎರಡು ವರ್ಷ ವಾರಕ್ಕೆ ಎಂಟು ಗಂಟೆ. ಕೆಳಗೆ ಮುಖ್ಯಸ್ಥರ ಸಹಿ.

'ಅಯ್ಯೋ,' ಎಂದರು ಮುಖ್ಯಸ್ಥರು. 'ಐದು ವರ್ಷ ಪೂರ್ಣ ಆಗೋದೇ ಇಲ್ವಲ್ಲ! ಒಳ್ಳೆ ಹೆಣ್ಣುಮಗಳು. ಏನ್ ಮಾಡೋಣ, ದಾಖಲೆ ದಾಖಲೆನೇ. ಅಲ್ವಾ ಮೇಡಂ? ನೀವೇ ಹೇಳೋ ಮಾತು.'

ನಾನು ಮೇಜು ಕುಟ್ಟಿದೆ. ಸುಮ್ಮನಿರಲು ನನ್ನ ಕೈಲಾಗಲಿಲ್ಲ. 'ಯಾವ ದಾಖಲೆ ರೀ? ನನ್ನ ಕೋಣೆ ಕಿಟಕಿಗೆ ಎದುರೇ ನಿಮ್ಮ ತರಗತಿ ಇರೋದು. ಎರಡು ವರ್ಷ ಅಲ್ಲಿ ಬೋರ್ಡಿನ ಮುಂದೆ ನಿಂತಿದ್ದು ಆಕೇನೇ. ಈ ಮೇಡಂ ಆ ಬಾಗಿಲ ಹತ್ರ ಸುಳಿದಿದ್ದೂ ನಾ ನೋಡಿಲ್ಲ. ಇಲ್ಲಿ ಕೂತಿರೋ ಎಲ್ರಿಗೂ ಇದು ಗೊತ್ತು!'

'ಕಿಟಕಿಯಿಂದ ನೋಡಿದ್ದು ದಾಖಲೆ ಅಲ್ಲ ಸಾರ್,' ಎಂದರು ಮುಖ್ಯಸ್ಥರು. ನಗು ಎಲ್ಲೂ ಹೋಗಿರಲಿಲ್ಲ. 'ವೇಳಾಪಟ್ಟಿ ಇದೆ. ಮೇಡಂ ಕೊಟ್ಟ ಕಾರ್ಯಭಾರದ ವಿವರ ಇದೆ. ಅವತ್ತೇ ಸಮಜಾಯಿಷಿನೂ ಕೊಟ್ಟಿದಾರೆ. ಅದನ್ನ ಸುಳ್ಳು ಅಂತೀರಾ? ಇಲ್ಲೇ ಕೂತಿದಾರೆ, ಕೇಳಿ.'

ನಾನು ಕೇಳಲಿಲ್ಲ, ದುರುಗುಟ್ಟಿ ನೋಡಿದೆ. ಕತ್ತರಿ ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಆಮೇಲೆ ಮೂರನೆಯ ಕಲಮಿನಲ್ಲಿ 'ಕಡಿಮೆ' ಎಂದು ಬರೆದರು. ನನಗೆ ಅಸಹ್ಯವಾಯಿತು. ಇಷ್ಟು ಹೊತ್ತು ನ್ಯಾಯದ ತಕ್ಕಡಿ ಹಿಡಿದವಳಂತೆ ಆಡಿ ಕೊನೆಗೆ ತನ್ನ ಬುಡಕ್ಕೆ ಬಂದಾಗ ನುಣುಚಿಕೊಂಡಳು ಎನಿಸಿತು. 'ಥೂ' ಎಂದು ಗಟ್ಟಿಯಾಗಿಯೇ ಅಂದು ಊಟಕ್ಕೆ ಎದ್ದುಹೋದೆ.

ಊಟ ಮುಗಿಸಿ ಬಂದಾಗ ಅವರು ಅದೇ ಕುರ್ಚಿಯಲ್ಲಿ ಅದೇ ಭಂಗಿಯಲ್ಲಿ ಕೂತಿದ್ದರು. ಬುತ್ತಿಯ ಡಬ್ಬಿ ತೆರೆದೇ ಇರಲಿಲ್ಲ. ಮುಖ್ಯಸ್ಥರು ವೀಳ್ಯದೆಲೆ ಜಗಿಯುತ್ತ ಬಂದು 'ಮುಗಿಸಿಬಿಡೋಣ್ವಾ?' ಎಂದರು.

'ನನ್ನದು ಮುಗೀತು,' ಎಂದರು ಮೇಡಂ. 'ಸಮಿತಿಯವಳಾಗಿ ಕಾಗದದಲ್ಲಿ ಇರೋದನ್ನಷ್ಟೇ ನಾನು ನೋಡ್ಬಹುದು. ಕಾಗದದಲ್ಲಿ ಕಡಿಮೆ ಇದೆ, ಅದನ್ನೇ ಬರೆದಿದೀನಿ. ಆದ್ರೆ ಆ ಕಾಗದ ಸುಳ್ಳು. ಅದನ್ನ ಹೇಳ್ಬೇಕಾದ್ರೆ ನಾನು ಸಾಕ್ಷಿ ಆಗ್ಬೇಕು. ಸಮಿತೀಲೂ ಇದ್ದು ಸಾಕ್ಷೀನೂ ಆಗೋಕಾಗಲ್ಲ. ಅದಕ್ಕೇ ಸಮಿತಿ ಬಿಡ್ತಿದೀನಿ.'

ಗುಮಾಸ್ತರ ಮುಂದೆ ಒಂದು ಹಾಳೆ ಜರುಗಿಸಿದರು. ಕುಲಸಚಿವರಿಗೆ ಬರೆದ ಹೇಳಿಕೆ. ಆ ಎರಡು ವರ್ಷ ತನ್ನ ಹೆಸರಿನಲ್ಲಿದ್ದ ಎಂಟು ಗಂಟೆಗಳ ಪಾಠವನ್ನು ಪೂರ್ತಿ ಮಾಡಿದ್ದು ಸಂಜೆ ಮೇಡಂ. ಆ ತರಗತಿಗಳ ಆಂತರಿಕ ಅಂಕಪಟ್ಟಿಗಳಿಗೆ ಸಹಿ ಹಾಕಿದವರೂ ಆಕೆಯೇ, ಬೇಕಾದರೆ ಪರೀಕ್ಷಾ ಶಾಖೆಯಿಂದ ತರಿಸಿ ನೋಡಿ. ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡಲು ಬರುವ ಮೌಲ್ಯಮಾಪನ ತಂಡಕ್ಕೆ ವರದಿ ಸಿದ್ಧಪಡಿಸಲೆಂದು ಮುಖ್ಯಸ್ಥರು ತನ್ನನ್ನು ತರಗತಿಯಿಂದ ಬಿಡಿಸಿದ್ದರು. ವೇಳಾಪಟ್ಟಿಯಲ್ಲಿ ಹೆಸರು ಬದಲಿಸುವುದು ಬೇಡ ಎಂದದ್ದೂ ಅವರೇ. ಒಪ್ಪಿಕೊಂಡದ್ದು ತಾನು. ಸಮಜಾಯಿಷಿಯಲ್ಲಿ ತಾನು ಬರೆದದ್ದು ಸುಳ್ಳು.

ಮುಖ್ಯಸ್ಥರ ನಗು ಆವತ್ತು ಮೊದಲ ಸಲ ಮಾಯವಾದದ್ದನ್ನು ಕಂಡೆ. ನಗುವಿಲ್ಲದ ಆ ಮುಖ ಬೇರೆ ಯಾರದೋ ಎನ್ನಿಸಿತು.

'ತಲೆ ನೆಟ್ಟಗಿದೆಯಾ ನಿಮಗೆ?' ಎಂದು ಗದರಿದರು. 'ಆ ಎರಡು ವರ್ಷದ ಕಾರ್ಯಭಾರ ತೋರ್ಸಿ ತಾನೇ ನೀವು ಪ್ರಾಧ್ಯಾಪಕಿ ಆಗಿದ್ದು? ಆ ಗಂಟೆಗಳು ನಿಮ್ಮದಲ್ಲ ಅಂದ್ಮೇಲೆ ಬಡ್ತೀನೂ ನಿಮ್ಮದಲ್ಲ. ನಿವೃತ್ತಿ ಬಾಗಿಲಲ್ಲಿದೆ. ಎಲ್ಲಾ ಕೆದಕ್ತಾರೆ, ಗೊತ್ತಾ?'

'ಗೊತ್ತು. ಬೆಳಿಗ್ಗೆಯಿಂದ ಅದನ್ನೇ ಲೆಕ್ಕ ಹಾಕ್ತಿದ್ದೆ.'

'ಅವಳಿಗೋಸ್ಕರ? ನಿಮ್ಮ ಮೇಲೆ ದೂರು ಕೊಟ್ಟೋಳಿಗೋಸ್ಕರ?'

'ಅವಳಿಗೋಸ್ಕರ ಅಲ್ಲ. ಅವಳನ್ನ ಕಂಡ್ರೆ ನನಗಾಗಲ್ಲ,' ಎಂದರು ಕತ್ತರಿ ಮೇಡಂ. 'ಸಮ್ಮೇಳನದ ಪ್ರಯಾಣ ವೆಚ್ಚಾನ ಅನುದಾನ ಅಂತ ಬರ್ಕೊಂಡಿದಾಳೆ ಅಂತ ಹೊಡೆದೆ. ಎರಡು ಸಲ ಎಣಿಸಿದಾಳೆ ಅಂತ ಹೊಡೆದೆ. ನನ್ನ ಬಯೋಡೇಟಾದಲ್ಲಿ ಅವಳ ಎಂಟು ಗಂಟೆ ಕೂತಿದೆ. ಅದನ್ನ ಹೊಡೆಯೋಕೆ ಯಾರನ್ನ ಕರೀಲಿ?'

ಅವರು ಕೆಂಪು ಪೆನ್ನು, ಕತ್ತರಿ ಎರಡನ್ನೂ ಡಬ್ಬಿಗೆ ಹಾಕಿ ಎದ್ದು ಹೋದರು. ನನ್ನ 'ಥೂ' ಇನ್ನೂ ಆ ಕೋಣೆಯಲ್ಲೇ ಇತ್ತು. ಅದನ್ನು ಹೇಗೆ ವಾಪಸು ತೆಗೆದುಕೊಳ್ಳುವುದೆಂದು ನನಗೆ ತಿಳಿಯಲಿಲ್ಲ.

ಆಮೇಲಿನದು ಬೇಗ ಹೇಳುತ್ತೇನೆ, ನಡೆದದ್ದು ನಿಧಾನವಾಗಿಯೇ ಆದರೂ. ಪ್ರಮಾಣಪತ್ರಕ್ಕೆ ಸಹಿ ಹಾಕಿದವರೆಂದು ಮುಖ್ಯಸ್ಥರನ್ನೂ ಸಮಿತಿಯಿಂದ ಬಿಡಿಸಿದರು. ಹೊಸ ಇಬ್ಬರು ಬಂದರು, ನಾನೊಬ್ಬ ಉಳಿದೆ. ಆಂತರಿಕ ಅಂಕಪಟ್ಟಿಗಳು ಬಂದವು. ಎಲ್ಲದರಲ್ಲೂ ಸಂಜೆ ಮೇಡಂ ಅವರದೇ ಸಹಿ. ಐದು ವರ್ಷ ಪೂರ್ಣವಾಯಿತು. ಆಕೆಗೂ ಶಿಷ್ಯನಿಗೂ ಇನ್ನು ಮೂವರಿಗೂ ಸಂದರ್ಶನಕ್ಕೆ ಕರೆ ಹೋಯಿತು. ಹೊರಗಿನ ತಜ್ಞರು ಬಂದು ಆಕೆಯನ್ನು ಆರಿಸಿದರು. ಶಿಷ್ಯ ಬುದ್ಧಿವಂತನೇ, ಅವನಿಗೆ ಬೇರೆ ಕಡೆ ಸಿಕ್ಕಿತು. ಮುಖ್ಯಸ್ಥರಿಗೆ ಒಂದು ನೋಟಿಸು ಬಂತು. ಅವರು ಅದಕ್ಕೂ ನಕ್ಕರಂತೆ, ಹುದ್ದೆ ಮಾತ್ರ ಉಳಿಯಲಿಲ್ಲ.

ಕತ್ತರಿ ಮೇಡಂ ಮೇಲೆ ವಿಚಾರಣೆ ನಡೆಯಿತು. ನಾನು ಒಂದು ಭಾನುವಾರ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಅವರಿಗೆ ಮದುವೆಯಿಲ್ಲ, ವಿಧವೆ ತಂಗಿಯ ಜೊತೆ ಇದ್ದರು. ಬಾಗಿಲು ತೆರೆದ ತಂಗಿ ನನ್ನನ್ನು ಕಂಡದ್ದೇ ತಡ ಶುರು ಮಾಡಿದರು. 'ಬನ್ನಿ, ನೀವೂ ನೋಡಿ ಹೋಗಿ. ನಮ್ಮಕ್ಕ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಂಡು ಕೂತಿದಾಳೆ. ನಮ್ಮಪ್ಪನೂ ಹೀಗೇ. ಬಸ್ಸಲ್ಲಿ ಟಿಕೆಟ್ ತಪಾಸಣೆ ಮಾಡೋ ಕೆಲಸ. ಸ್ವಂತ ಭಾವಮೈದುನನಿಗೇ ದಂಡ ಹಾಕಿ ಬಂದಿದ್ರು. ನಮ್ಮಮ್ಮ ತಿಂಗಳಾನುಗಟ್ಲೆ ಮಾತು ಬಿಟ್ಟಿದ್ರು. ಆ ರಕ್ತ, ಎಲ್ಲಿಗೆ ಹೋಗುತ್ತೆ?'

'ಅಪ್ಪ ದಂಡ ಹಾಕಿದ್ದು ಟಿಕೆಟ್ ಇಲ್ಲದವರಿಗೆ ಕಣೇ,' ಎಂದರು ಒಳಗಿನಿಂದ ಮೇಡಂ. 'ಅವರೇ ಟಿಕೆಟ್ ಇಲ್ದೆ ಹತ್ತಿರಲಿಲ್ಲ.'

ನಾನು ಅಂದದ್ದಕ್ಕೆ ಕ್ಷಮೆ ಕೇಳಲು ಹೋದವನು. ಬಾಯಿ ತೆರೆಯುವಷ್ಟರಲ್ಲಿ ಅವರೇ ತಡೆದರು. 'ನೀವು ಥೂ ಅಂದಿದ್ದು ಸರಿಯಾಗೇ ಇತ್ತು. ಅದನ್ನ ವಾಪಸ್ ತಗೊಂಡು ನನ್ನ ಲೆಕ್ಕ ಕೆಡಿಸ್ಬೇಡಿ.' ಕಾಫಿ ಕೊಟ್ಟರು, ಸಕ್ಕರೆ ಬೇಕೇ ಎಂದು ಕೇಳಲಿಲ್ಲ. ಹೊರಡುವಾಗ 'ನಿಮ್ಮ ಭಾವಮೈದುನನಿಗೆ ಕೆಲಸ ಆಯ್ತಾ?' ಎಂದರು. ಆಯಿತೆಂದೆ. 'ಶಿಷ್ಯವೇತನಾನ ಈಗಲಾದ್ರೂ ಸರಿಯಾದ ಕಲಮಲ್ಲಿ ಹಾಕಿದಾನಾ?' ಎಂದರು. ಈ ಹೆಂಗಸಿಗೆ ಬುದ್ಧಿ ಬರುವುದಿಲ್ಲ ಎಂದುಕೊಳ್ಳುತ್ತಲೇ ಮೆಟ್ಟಿಲಿಳಿದೆ. ಆದರೆ ನಗು ಬಂದುಬಿಟ್ಟಿತ್ತು.

ವಿಚಾರಣೆಯ ಕೊನೆಗೆ ಬಡ್ತಿ ರದ್ದಾಯಿತು. ಪ್ರಾಧ್ಯಾಪಕಿ ಮತ್ತೆ ಸಹ ಪ್ರಾಧ್ಯಾಪಕಿ. ಅವರ ಕೋಣೆಯ ಬಾಗಿಲಿನ ಫಲಕ ಬದಲಿಸಲು ಒಬ್ಬ ಬಡಗಿ ಬಂದ ದಿನ ಸಂಜೆ ನಾನು ಅಲ್ಲೇ ಇದ್ದೆ. ಬೇಕೆಂದೇ ಹೋಗಿದ್ದೆ, ಒಬ್ಬರಾದರೂ ಜೊತೆಗಿರಲಿ ಎಂದು. ಕಾರಿಡಾರಿನ ಇನ್ನುಳಿದ ಬಾಗಿಲುಗಳೆಲ್ಲ ಭದ್ರವಾಗಿ ಮುಚ್ಚಿದ್ದವು. ಬಡಗಿ ಮೊದಲ ತಿರುಪು ಬಿಚ್ಚುವಾಗ ಸಂಜೆ ಮೇಡಂ ಬಂದರು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಒಂದು ಕಾಗದ.

'ನನ್ನ ಲೇಖನ ಹೊಡೆದುಹಾಕಿದ್ದು ನೀವಂತೆ,' ಎಂದರು. ನಮಸ್ಕಾರವೂ ಇಲ್ಲ.

'ಹೌದು. ಸ್ವೀಕಾರದ ಪತ್ರ ಇರ್ಲಿಲ್ಲ.'

'ಈಗ ಬಂದಿದೆ. ನೋಡಿ.'

ಕತ್ತರಿ ಮೇಡಂ ಕನ್ನಡಕ ಏರಿಸಿ ತಾರೀಕು ನೋಡಿದರು. 'ಅರ್ಜಿಯ ಕೊನೇ ದಿನ ಆದ್ಮೇಲೆ ಬಂದಿರೋದು. ಆಗಲೂ ಲೆಕ್ಕಕ್ಕೆ ಬರ್ತಿರ್ಲಿಲ್ಲ.'

ಸಂಜೆ ಮೇಡಂ ಮುಖ ಕೆಂಪಗಾಯಿತು. 'ಮೂರು ವರ್ಷ! ಮೂರು ವರ್ಷ ನಾನು ಈ ಕಾರಿಡಾರಲ್ಲಿ ಸುಳ್ಳುಗಾತಿ ಆಗಿ ಓಡಾಡಿದೀನಿ. ಮಕ್ಕಳ ಮುಂದೆ, ಗುಮಾಸ್ತರ ಮುಂದೆ. ನನ್ನ ಗಂಡ ಕೂಡ ಒಂದಿನ ಕೇಳಿದ್ರು, ನಿಜವಾಗ್ಲೂ ನೀನೇ ಪಾಠ ಮಾಡ್ತಿದ್ಯಾ ಅಂತ. ನೀವು ಬರೆದಿದ್ದ ಒಂದು ಸಾಲಿಗೆ. ಈಗ ಎಲ್ರೂ ಹೇಳ್ತಾರೆ, ಮೇಡಂ ಎಷ್ಟು ದೊಡ್ಡವರು, ನಿನಗೋಸ್ಕರ ಬಡ್ತಿ ಬಿಟ್ರು, ಹೋಗಿ ಕಾಲಿಗೆ ಬೀಳು ಅಂತ. ನನ್ನದನ್ನೇ ನನಗೆ ಕೊಟ್ಟಿದ್ದಕ್ಕೆ ನಾನು ಕಾಲಿಗೆ ಬೀಳ್ಬೇಕಾ?'

'ಬೇಡ.'

'ನಾನು ಕ್ಷಮಿಸಲ್ಲ.'

'ಕೇಳಿಲ್ಲ.'

ಬಡಗಿ ಇಬ್ಬರ ಮುಖವನ್ನೂ ನೋಡಿ ತಿರುಪುಳಿ ಹಿಡಿದು ಹಾಗೆಯೇ ನಿಂತ. 'ನೀನು ಬಿಚ್ಚಪ್ಪ,' ಎಂದರು ಕತ್ತರಿ ಮೇಡಂ. ಅವನು ಬಿಚ್ಚಿದ. ಸಂಜೆ ಮೇಡಂ ಹೋಗಲಿಲ್ಲ. ಪುಸ್ತಕ ಕೆಳಗಿಟ್ಟು ಗೋಡೆಗೆ ಒರಗಿ, ಕೈಕಟ್ಟಿ, ಹಳೆಯ ಫಲಕ ಕೆಳಗಿಳಿದು ಹೊಸದು ಏರುವವರೆಗೂ ಕಣ್ಣು ಪಿಳುಕಿಸದೆ ನೋಡುತ್ತ ನಿಂತರು. ನನಗೆ ಸಿಟ್ಟು ಬಂತು, ಇಷ್ಟು ಕಲ್ಲುಮನಸ್ಸೇ ಎಂದು. ಮರುಕ್ಷಣವೇ ನನ್ನ ಸಿಟ್ಟಿಗೆ ಹಕ್ಕಿಲ್ಲ ಎನ್ನಿಸಿತು. ಆ ಎರಡು ವರ್ಷ ಕಿಟಕಿಯಿಂದ ನೋಡಿಯೂ ಬಾಯಿ ಬಿಡದಿದ್ದ ಇಡೀ ಆವರಣವೇ ಆಕೆಗೆ ಸಾಲಗಾರ.

ಗಂಟೆ ಹೊಡೆಯಿತು. ಸಂಜೆಯ ತಂಡದ ಮೊದಲ ಪಾಠ. ಸಂಜೆ ಮೇಡಂ ಪುಸ್ತಕ ಎತ್ತಿಕೊಳ್ಳಲು ಬಗ್ಗಿದರು. ಅಷ್ಟರಲ್ಲಿ ಕತ್ತರಿ ಮೇಡಂ ತಮ್ಮ ಕೋಣೆಯಿಂದ ಹಾಜರಿ ಪುಸ್ತಕ, ಸೀಮೆಸುಣ್ಣದ ಡಬ್ಬಿ ಹಿಡಿದು ಹೊರಬಂದರು.

'ಸಂಜೆಯ ತಂಡ ಈ ವರ್ಷದಿಂದ ನನ್ನದು,' ಎಂದರು. 'ಹೊಸ ಮುಖ್ಯಸ್ಥರ ಹತ್ರ ಕೇಳಿ ಹಾಕಿಸ್ಕೊಂಡಿದೀನಿ. ವಾರಕ್ಕೆ ಎಂಟು ಗಂಟೆ, ನಿವೃತ್ತಿ ಆಗೋವರೆಗೂ. ಪಟ್ಟಿಯಲ್ಲೂ ನನ್ನ ಹೆಸರೇ ಇದೆ, ಪಾಠಾನೂ ನಾನೇ ಮಾಡೋದು. ನೀವು ಮನೆಗೆ ಹೋಗಿ.'

ಸಂಜೆ ಮೇಡಂ ನಂಬಲಿಲ್ಲ. ನೇರ ನೋಟಿಸು ಬೋರ್ಡಿನ ಹತ್ತಿರ ಹೋಗಿ ಅಂದೇ ಅಂಟಿಸಿದ್ದ ಹೊಸ ವೇಳಾಪಟ್ಟಿಯ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಮನೆಗೂ ಹೋಗಲಿಲ್ಲ. ತರಗತಿಯ ಹಿಂಬಾಗಿಲಿನ ಹೊರಗೆ ನಿಂತು ಒಳಗೆ ಇಣುಕಿದರು. ಬೋರ್ಡಿನ ಮುಂದೆ ಕತ್ತರಿ ಮೇಡಂ ಬೆನ್ನು ತಿರುಗಿಸಿ ಬರೆಯುತ್ತಿದ್ದರು. ರೂಢಿ ತಪ್ಪಿದ ಕೈ, ಸಾಲು ಕೆಳಕ್ಕೆ ಇಳಿಯುತ್ತಿತ್ತು.

'ನೋಡಿದ್ದು ಸಾಕಲ್ವಾ?' ಎಂದೆ ನಾನು, ಸ್ವಲ್ಪ ಒರಟಾಗಿಯೇ.

'ಇಲ್ಲ ಸಾರ್,' ಎಂದರು ಆಕೆ ಕಣ್ಣು ತೆಗೆಯದೆ. 'ಗಂಟೆ ಪೂರ್ತಿ ಆಗೋವರೆಗೂ ನೋಡ್ತೀನಿ.' ಅಂದಂತೆಯೇ ಗಂಟೆ ಬಾರಿಸುವವರೆಗೂ ಅಲ್ಲೇ ನಿಂತಿದ್ದು, ಯಾರಿಗೂ ಏನೂ ಹೇಳದೆ ಬಸ್ಸಿನ ಕಡೆ ನಡೆದರು.